ಬಾಸ್ಟನ್ನಿನಲ್ಲಿ ಬೆಳಿಗ್ಗೆ ಎಂಟು, ಡೊಂಬಿವಲಿಯಲ್ಲಿ ಎಷ್ಟು?

ವಿದೇಶದಲ್ಲಿರುವ ತಜ್ಞ ವೈದ್ಯರಿಗೆ ಇಲ್ಲಿಯ ರೋಗಿಯನ್ನು ವಿಡಿಯೊ ಮೂಲಕ ತೋರಿಸುವುದು ಈಗ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಮಗ ಡಲ್ಲಾಸಿನಲ್ಲಿ, ಮಗಳು ಲಂಡನ್ನಿನಲ್ಲಿ, ತಂದೆತಾಯಿ ಡೊಂಬಿವಲಿಯಲ್ಲೋ ಪುಣೆಯಲ್ಲೋ. ಅಲ್ಲಿಯವರು ಪರಿಚಯದ ವೈದ್ಯರನ್ನು ಹಿಡಿದು ವೇಳೆ ಗೊತ್ತು ಮಾಡುತ್ತಾರೆ. ಕಾಗದಪತ್ರ, ಸ್ಕ್ಯಾನಿನ ವರದಿ, ರಕ್ತಪರೀಕ್ಷೆ ಎಲ್ಲವನ್ನೂ ಕಳುಹಿಸಿ ಆಗುತ್ತದೆ. ಆಮೇಲೆ ಇಡೀ ಏರ್ಪಾಡು ಕೆಡುವುದು ತೀರ ಸಣ್ಣದೊಂದು ಸಂಗತಿಯಿಂದ: ಇಲ್ಲಿಯವರು ಕಾದು ಕುಳಿತ ಗಂಟೆಯೇ ಬೇರೆ, ಅಲ್ಲಿಯ ವೈದ್ಯರು ಬಂದು ಕುಳಿತ ಗಂಟೆಯೇ ಬೇರೆ.

'ಅಷ್ಟೇ ತಾನೆ, ಇನ್ನೊಂದು ದಿನ ಮಾತಾಡಿದರಾಯಿತು' ಎಂದು ನೀವು ಅನ್ನಬಹುದು. ಕೆಲವು ಕಾಯಿಲೆಗಳಲ್ಲಿ ಹಾಗೆ ಅನ್ನಬಹುದು, ಕೆಲವುಗಳಲ್ಲಿ ಆಗದು. ರೋಗಿ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ವೈದ್ಯರಿಗೆ ಕಾಣುವ ಚಿತ್ರವೇ ಬದಲಾಗುವ ಕಾಯಿಲೆಗಳಿವೆ. ಪಾರ್ಕಿನ್ಸನ್ ರೋಗ ಅಂಥದ್ದು. ಆದ್ದರಿಂದ ಈ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ವೇಳೆಯನ್ನು ಗೊತ್ತು ಮಾಡುವುದು ಹೇಗೆ, ಅದನ್ನು ಎರಡರ್ಥಕ್ಕೆ ಎಡೆಯಿಲ್ಲದಂತೆ ಬರೆಯುವುದು ಹೇಗೆ ಎಂದು ನೋಡೋಣ.

ಒಂದು ಮನೆಯ ಲೆಕ್ಕ

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತಾಯಿಗೆ 71 ವರ್ಷ, ಡೊಂಬಿವಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆರು ವರ್ಷಗಳಿಂದ ಪಾರ್ಕಿನ್ಸನ್. ಲೆವೊಡೋಪಾ ಇರುವ ಮಾತ್ರೆಯನ್ನು ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಎಂಟು ಹೀಗೆ ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳುತ್ತಾರೆ. ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೈಕಾಲು ಸಡಿಲವಾಗುತ್ತವೆ, ಎದ್ದು ಓಡಾಡುತ್ತಾರೆ, ತಾವೇ ಕಾಫಿ ಬೆರೆಸಿಕೊಳ್ಳುತ್ತಾರೆ. ಆದರೆ ಈಚೆಗೆ ಮೂರನೆಯ ಗಂಟೆಯ ಹೊತ್ತಿಗೇ ಮತ್ತೆ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಮುಂದಿನ ಮಾತ್ರೆಯ ವೇಳೆ ಇನ್ನೂ ಬಂದಿರುವುದಿಲ್ಲ. ಮಾತ್ರೆಯ ಬಲ ಬೇಗ ಇಳಿಯುವ ಈ ತೊಂದರೆ ಈ ರೋಗದಲ್ಲಿ ವರ್ಷಗಳು ಕಳೆದ ಮೇಲೆ ಸಾಮಾನ್ಯವಾಗಿ ಕಾಣಿಸುವಂಥದ್ದು.

ಡಲ್ಲಾಸಿನಲ್ಲಿರುವ ಮಗ ಬಾಸ್ಟನ್ನಿನ ತಜ್ಞರೊಬ್ಬರನ್ನು ಗೊತ್ತು ಮಾಡಿದ. 2025ರ ಅಕ್ಟೋಬರ್ 14ರಂದು ವೇಳೆ ನಿಗದಿಯಾಯಿತು. ನವೆಂಬರ್ 6, ಗುರುವಾರ, ಬಾಸ್ಟನ್ನಿನಲ್ಲಿ ಬೆಳಿಗ್ಗೆ 8 ಗಂಟೆ. ಮಗ ಅವತ್ತೇ ಮೊಬೈಲಿನ ವಿಶ್ವ ಗಡಿಯಾರ ತೆರೆದು ನೋಡಿದ. ಬಾಸ್ಟನ್ನಿಗೂ ಭಾರತಕ್ಕೂ ಒಂಬತ್ತೂವರೆ ಗಂಟೆ ಅಂತರ ಎಂದು ಕಂಡಿತು. ಎಂಟಕ್ಕೆ ಒಂಬತ್ತೂವರೆ ಕೂಡಿಸಿದರೆ ಸಂಜೆ ಐದೂವರೆ. 'ಅಕ್ಕಾ, ಆರನೇ ತಾರೀಖು ಸಂಜೆ ಐದೂವರೆಗೆ ಅಮ್ಮನನ್ನು ಕೂರಿಸು' ಎಂದು ತಿಳಿಸಿದ.

ಲೆಕ್ಕದಲ್ಲಿ ಕೂಡುವಿಕೆ ಸರಿಯಾಗಿದೆ. ಆದರೂ ಉತ್ತರ ತಪ್ಪು. ಅವತ್ತು ಬಾಸ್ಟನ್ನಿನ ಬೆಳಗಿನ ಎಂಟು ಎಂದರೆ ಇಲ್ಲಿ ಸಂಜೆ ಆರೂವರೆ.

ಒಂದು ಗಂಟೆ ಎಲ್ಲಿ ಹೋಯಿತು?

ನಮ್ಮ ದೇಶದ ಗಡಿಯಾರ ವರ್ಷವಿಡೀ ಒಂದೇ ರೀತಿ ನಡೆಯುತ್ತದೆ. ಕಛ್‌ನಿಂದ ಅರುಣಾಚಲದವರೆಗೆ ಒಂದೇ ಕಾಲಮಾನ. ಈಗಿನವರಿಗೆ ಇದು ಸಹಜವೆನಿಸುತ್ತದೆ. ಆದರೆ ಮುಂಬಯಿಯ ಹಿರಿಯರಿಗೆ ನೆನಪಿರಬಹುದು, 1955ರವರೆಗೆ ಈ ಊರಿನಲ್ಲಿ 'ಬಾಂಬೆ ಟೈಮ್' ಎಂಬ ಬೇರೆಯೇ ವೇಳೆ ಉಳಿದಿತ್ತು. ಅದು ದೇಶದ ವೇಳೆಗಿಂತ 39 ನಿಮಿಷ ಹಿಂದೆ. ಆಗ ಯಾವುದೇ ವೇಳೆಯನ್ನು ಹೇಳುವಾಗ ಯಾವ ಗಡಿಯಾರ ಎಂದು ಕೇಳಿಕೊಳ್ಳಲೇ ಬೇಕಿತ್ತು. ಈಗ ಆ ಅಭ್ಯಾಸ ನಮಗೆ ತಪ್ಪಿಹೋಗಿದೆ.

ಅಮೆರಿಕದ ಬಹುಭಾಗದಲ್ಲಿ ಹಾಗಲ್ಲ. ಅಲ್ಲಿ ಬೇಸಿಗೆಗೆ ಒಂದು ವೇಳೆ, ಚಳಿಗಾಲಕ್ಕೆ ಒಂದು ವೇಳೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ಇಡುತ್ತಾರೆ. 2007ರಿಂದ ಈ ದಿನಗಳು ಜಾರಿಯಲ್ಲಿವೆ. 2025ರಲ್ಲಿ ನವೆಂಬರಿನ ಮೊದಲ ಭಾನುವಾರ 2ನೆಯ ತಾರೀಖಿನಂದು ಬಿತ್ತು. ನಮ್ಮ ಉದಾಹರಣೆಯ ವೇಳೆ ಗೊತ್ತಾದದ್ದು ಅದಕ್ಕೆ ಮೊದಲು, ಭೇಟಿ ಇದ್ದದ್ದು ಅದರ ನಂತರ. ನಡುವೆ ಬಾಸ್ಟನ್ನಿನ ಗಡಿಯಾರ ಹಿಂದಕ್ಕೆ ಸರಿದು, ಅಂತರ ಒಂಬತ್ತೂವರೆಯಿಂದ ಹತ್ತೂವರೆ ಗಂಟೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ವಿಶ್ವ ಗಡಿಯಾರ ಸುಳ್ಳು ಹೇಳಲಿಲ್ಲ. ಅದು ತೋರಿಸಿದ್ದು ಆ ದಿನದ ಅಂತರ. ಮಗನಿಗೆ ಬೇಕಾಗಿದ್ದುದು ನವೆಂಬರ್ 6ರ ಅಂತರ. ಮುಂದಿನ ದಿನಕ್ಕೆ ವೇಳೆ ಗೊತ್ತು ಮಾಡುವಾಗ ಇವತ್ತಿನ ಗಡಿಯಾರವನ್ನು ನೋಡುವುದು, ಮುಂದಿನ ತಿಂಗಳ ಪ್ರಯಾಣಕ್ಕೆ ಇವತ್ತಿನ ಮಳೆಯನ್ನು ನೋಡಿ ಕೊಡೆ ಹಿಡಿದಂತೆ. ಮೊಬೈಲಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಹೋಗಿ, ಬಾಸ್ಟನ್ ವೇಳೆಯಲ್ಲೇ ಕಾರ್ಯಕ್ರಮವನ್ನು ನಮೂದಿಸಿದರೆ ಅದು ಆ ದಿನದ ಅಂತರವನ್ನು ಲೆಕ್ಕ ಹಾಕಿ ನಮ್ಮ ವೇಳೆಯನ್ನು ತೋರಿಸುತ್ತದೆ.

ನವೆಂಬರಿನಲ್ಲಿ ಈ ತಪ್ಪಾದರೆ ನೀವು ಒಂದು ಗಂಟೆ ಮೊದಲೇ ಕುಳಿತು ಕಾಯುತ್ತೀರಿ. ಬೇಸರವಾದರೂ ಭೇಟಿ ಕೈತಪ್ಪುವುದಿಲ್ಲ. ಮಾರ್ಚಿನಲ್ಲಿ ಹಾಗಲ್ಲ. ಫೆಬ್ರವರಿಯಲ್ಲಿ ಹತ್ತೂವರೆ ಗಂಟೆ ಕೂಡಿಸಿ ಸಂಜೆ ಆರೂವರೆ ಎಂದು ಬರೆದಿಟ್ಟುಕೊಂಡಿರುತ್ತೀರಿ. ಮಾರ್ಚ್ ಮಧ್ಯದ ಹೊತ್ತಿಗೆ ಬಾಸ್ಟನ್ನಿನ ಎಂಟು ಗಂಟೆ ನಮ್ಮ ಐದೂವರೆಗೇ ಆಗಿಬಿಟ್ಟಿರುತ್ತದೆ. ನೀವು ಆರೂವರೆಗೆ ಮೊಬೈಲ್ ತೆರೆಯುವಾಗ ವೈದ್ಯರು ಕಾದು ಎದ್ದುಹೋಗಿ ಅರ್ಧ ಗಂಟೆ ಮೇಲಾಗಿರುತ್ತದೆ. ಆದ್ದರಿಂದ ಮಾರ್ಚಿನ ಭೇಟಿಗಳಿಗೆ ಹೆಚ್ಚಿನ ಎಚ್ಚರ ಬೇಕು.

ಇಂಗ್ಲೆಂಡಿನಲ್ಲಿ ವೈದ್ಯರಿದ್ದರೆ ದಿನಗಳು ಬೇರೆ. ಅಲ್ಲಿ ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಮುಂದೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದೆ. ಬೇಸಿಗೆಯಲ್ಲಿ ನಮಗೂ ಲಂಡನ್ನಿಗೂ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ದುಬೈ, ಸಿಂಗಾಪುರದವರು ಗಡಿಯಾರ ಮುಟ್ಟುವುದಿಲ್ಲ, ಅವರ ಅಂತರ ವರ್ಷವಿಡೀ ಒಂದೇ.

ಯಾರ ಗಡಿಯಾರ ಮೂಲ?

ಹೀಗೆ ಎರಡು ಊರುಗಳ ನಡುವಿನ ಅಂತರವೇ ಬದಲಾಗುವಾಗ, ಎರಡರಲ್ಲಿ ಒಂದು ಗಡಿಯಾರವನ್ನು ಮೂಲವೆಂದು ಹಿಡಿಯಲೇಬೇಕು. ಅದು ವೈದ್ಯರ ಊರಿನ ಗಡಿಯಾರ. ಕಾರಣ ಸರಳ. ಅವರ ದಿನಚರಿ, ಅವರ ಮುಂದಿನ ರೋಗಿ, ಅವರ ಕಚೇರಿಯ ಪುಸ್ತಕ ಎಲ್ಲವೂ ಅಲ್ಲಿಯ ವೇಳೆಗೆ ಕಟ್ಟಿಕೊಂಡಿವೆ. ಅಲ್ಲಿಯ ಎಂಟು ಗಂಟೆ ಎಂಟು ಗಂಟೆಯಾಗಿಯೇ ಉಳಿಯುತ್ತದೆ, ಬದಲಾಗುವುದು ನಮ್ಮ ಭಾಗದ ಉತ್ತರ. ಆದ್ದರಿಂದ ಮೊದಲು ಅಲ್ಲಿಯ ವೇಳೆಯನ್ನು ಬರೆಯಿರಿ, ಆಮೇಲೆ ಅದರ ಮುಂದೆ ನಮ್ಮದನ್ನು ಬರೆಯಿರಿ. ನಮ್ಮದೊಂದನ್ನೇ ಬರೆದಿಟ್ಟುಕೊಂಡರೆ, ಅದು ತಪ್ಪಿದೆಯೇ ಎಂದು ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಎರಡಲ್ಲ, ಮೂರು ಗಡಿಯಾರಗಳಿವೆ ಎಂಬುದನ್ನೂ ನೋಡಿ. ಮಗನಿರುವ ಡಲ್ಲಾಸ್ ಬಾಸ್ಟನ್ನಿಗಿಂತ ಒಂದು ಗಂಟೆ ಹಿಂದೆ. ಅವನ ಮೊಬೈಲಿನಲ್ಲಿ ಭೇಟಿ ಬೆಳಿಗ್ಗೆ 7 ಗಂಟೆಗೆ ಎಂದು ಕಾಣಿಸುತ್ತದೆ. ಅವನು ಆ ಪರದೆಯ ಚಿತ್ರವನ್ನು ತೆಗೆದು ಅಕ್ಕನಿಗೆ ಕಳುಹಿಸಿದರೆ, ಅಕ್ಕ ಆ ಏಳನ್ನು ಬಾಸ್ಟನ್ನಿನ ಏಳು ಎಂದುಕೊಂಡು ಲೆಕ್ಕ ಹಾಕುವ ಸಂಭವವುಂಟು. ಚಿತ್ರದಲ್ಲಿರುವ ಅಂಕಿ ಚಿತ್ರ ತೆಗೆದವರ ಊರಿನದು, ಅದು ನಿಮ್ಮ ಊರಿಗೆ ಬಂದಾಗ ಬದಲಾಗುವುದಿಲ್ಲ. ಹಾಗಾಗಿ ಪರದೆಯ ಚಿತ್ರವನ್ನು ಕಳುಹಿಸಬೇಡಿ ಎಂದು ಮಕ್ಕಳಿಗೆ ಹೇಳಿ. ವೈದ್ಯರ ಕಚೇರಿಯಿಂದ ಬಂದ ಮೂಲ ಇ-ಮೇಲ್ ಆಹ್ವಾನವನ್ನೇ ರವಾನಿಸಲಿ. ಅದನ್ನು ನಿಮ್ಮ ಮೊಬೈಲಿನ ಕ್ಯಾಲೆಂಡರಿಗೆ ಸೇರಿಸಿಕೊಂಡರೆ ಅದು ನಿಮ್ಮ ವೇಳೆಗೆ ತಾನೇ ತಿರುಗಿ ನಿಲ್ಲುತ್ತದೆ.

ನೀವೇ ಕಂಪ್ಯೂಟರಿನಲ್ಲಿ ಕುಳಿತು ವೇಳೆಯನ್ನು ಆರಿಸುವುದಾದರೆ, ಖಾಲಿ ವೇಳೆಗಳ ಪಟ್ಟಿಯ ಹತ್ತಿರವೇ ಯಾವ ಊರಿನ ವೇಳೆಯೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಮುಂದೆ ಹೋಗಬೇಡಿ. ಅಲ್ಲಿ India Standard Time ಅಥವಾ Asia/Kolkata ಎಂದು ಕಂಡರೆ ಪಟ್ಟಿಯಲ್ಲಿರುವುದು ನಮ್ಮ ವೇಳೆ. Eastern Time ಅಥವಾ America/New_York ಎಂದು ಕಂಡರೆ ಬಾಸ್ಟನ್ ಕಡೆಯ ವೇಳೆ. ಕೆಲವರ ಮನೆಯಲ್ಲಿ ಕಚೇರಿಯ ಲ್ಯಾಪ್‌ಟಾಪ್ ಇರುತ್ತದೆ, ಅದನ್ನು ಅಮೆರಿಕದ ವೇಳೆಗೆ ಹೊಂದಿಸಿಟ್ಟಿರುತ್ತಾರೆ. ಅಂಥದ್ದರಲ್ಲಿ ಡೊಂಬಿವಲಿಯಲ್ಲಿ ಕುಳಿತಿದ್ದರೂ ಪಟ್ಟಿ ಅಮೆರಿಕದ ವೇಳೆಯಲ್ಲೇ ಬರುತ್ತದೆ.

ಬರೆಯುವ ಬಗೆ

ಇನ್ನು ವೇಳೆಯನ್ನು ಬರೆಯುವ ಕ್ರಮ. ಇಲ್ಲಿ ನಾಲ್ಕು ಕಡೆ ಎಡವುತ್ತೇವೆ.

ಮೊದಲನೆಯದು, ಮೂರಕ್ಷರದ ಸಂಕ್ಷೇಪಗಳು. EST ಎಂದರೆ ಅಮೆರಿಕದ ಪೂರ್ವ ಭಾಗದ ಚಳಿಗಾಲದ ವೇಳೆ, EDT ಎಂದರೆ ಬೇಸಿಗೆಯ ವೇಳೆ. ಆದರೆ ಅಲ್ಲಿಯವರೇ ವರ್ಷವಿಡೀ EST ಎಂದು ಬರೆದುಬಿಡುವುದುಂಟು. ಜುಲೈ ತಿಂಗಳ ಭೇಟಿಗೆ EST ಎಂದು ಬರೆದದ್ದನ್ನು ಅಕ್ಷರಶಃ ಹಿಡಿದು ಹತ್ತೂವರೆ ಗಂಟೆ ಕೂಡಿಸಿದರೆ ನೀವು ಒಂದು ಗಂಟೆ ತಡವಾಗಿ ಬರುತ್ತೀರಿ. ನಮ್ಮ IST ಕೂಡ ನಮ್ಮದೊಂದೇ ಅಲ್ಲ. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ವೇಳೆಗೆ ಅದೇ ಮೂರಕ್ಷರವನ್ನು ಬಳಸುತ್ತಾರೆ. ಆದ್ದರಿಂದ ಸಂಕ್ಷೇಪ ಬಿಟ್ಟು ಊರಿನ ಹೆಸರು ಬರೆಯಿರಿ: 'ಬಾಸ್ಟನ್ ವೇಳೆ', 'ಮುಂಬಯಿ ವೇಳೆ'. ಊರಿನ ಹೆಸರಿಗೆ ಬೇಸಿಗೆ, ಚಳಿಗಾಲದ ಗೊಂದಲವಿಲ್ಲ. ಆ ದಿನ ಆ ಊರಿನ ಗೋಡೆ ಗಡಿಯಾರ ಏನು ತೋರಿಸುತ್ತದೆಯೋ ಅದೇ.

ಎರಡನೆಯದು, ತಾರೀಖು. ನಾವು 6/11/2025 ಎಂದು ಬರೆದರೆ ನವೆಂಬರ್ 6. ಅಮೆರಿಕದವರು ಅದನ್ನು ಜೂನ್ 11 ಎಂದು ಓದುತ್ತಾರೆ, ಏಕೆಂದರೆ ಅವರಲ್ಲಿ ತಿಂಗಳು ಮೊದಲು. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, ಜೊತೆಗೆ ವಾರವನ್ನೂ ಸೇರಿಸಿ. ವಾರ ಎಂಬುದು ಇಲ್ಲಿ ಸಾಕ್ಷಿಯಿದ್ದಂತೆ. ತಾರೀಖು ತಪ್ಪಿದ್ದರೆ ವಾರ ಹೊಂದಿಕೆಯಾಗದು, ಓದಿದವರು ತಕ್ಷಣ ಕೇಳುತ್ತಾರೆ.

ಮೂರನೆಯದು, ಬೆಳಿಗ್ಗೆ ಸಂಜೆಗಳ ಗೊಂದಲ. ಇದಕ್ಕೆ ಔಷಧ ನಮ್ಮ ಕೈಯಲ್ಲೇ ಇದೆ. ರೈಲ್ವೆ ಟೈಮ್! ಉದ್ಯಾನ್ ಎಕ್ಸ್‌ಪ್ರೆಸ್ಸಿನ ಟಿಕೆಟ್ ತೆಗೆದು ಓದಬಲ್ಲ ಯಾರಿಗೂ 18:30 ಎಂದರೆ ಸಂಜೆ ಆರೂವರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ 'ಸಂಜೆ 6:30, ಅಂದರೆ 18:30' ಎಂದು ಎರಡನ್ನೂ ಬರೆದರೆ ಕೆಡುವುದೇನೂ ಇಲ್ಲ.

ನಾಲ್ಕನೆಯದು, ನಡುರಾತ್ರಿ. ವೈದ್ಯರು ಲಾಸ್ ಏಂಜಲಿಸಿನಲ್ಲಿದ್ದು, ಚಳಿಗಾಲದ ಒಂದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ವೇಳೆ ಕೊಟ್ಟರೆಂದುಕೊಳ್ಳಿ. ಅಂತರ ಹದಿಮೂರೂವರೆ ಗಂಟೆ. ನಮ್ಮಲ್ಲಿ ಅದು ರಾತ್ರಿ ಒಂದೂವರೆ, ಲೆಕ್ಕಕ್ಕೆ ಶುಕ್ರವಾರ. ಆದರೆ ನಮ್ಮ ಮನೆಮಾತಿನಲ್ಲಿ ಮಲಗಿ ಏಳುವವರೆಗೆ ಗುರುವಾರ ರಾತ್ರಿಯೇ. ಸೂರ್ಯೋದಯಕ್ಕೆ ವಾರ ಬದಲಾಗುತ್ತದೆ ಎಂದೇ ನಮ್ಮ ಹಿರಿಯರ ಎಣಿಕೆ. 'ಶುಕ್ರವಾರ ರಾತ್ರಿ ಒಂದೂವರೆ' ಎಂದು ಮಗ ಹೇಳಿದರೆ ಇಲ್ಲಿ ಅಜ್ಜ ಒಂದು ಇಡೀ ದಿನ ತಡವಾಗಿ ಎದ್ದು ಕೂರುತ್ತಾರೆ. ಇಂಥ ವೇಳೆಯನ್ನು 'ಗುರುವಾರ ರಾತ್ರಿ ಊಟ ಮಾಡಿ ಮಲಗಿದ ಮೇಲೆ, ಶುಕ್ರವಾರ ಬೆಳಗಾಗುವ ಮೊದಲು 01:30' ಎಂದು ಬಿಡಿಸಿಯೇ ಬರೆಯಬೇಕು. ಸಾಧ್ಯವಾದರೆ ಅಂಥ ವೇಳೆಯನ್ನೇ ಬೇಡವೆನ್ನಿ. ನಿದ್ದೆಗೆಟ್ಟ ವೃದ್ಧರನ್ನು ರಾತ್ರಿ ಒಂದೂವರೆಗೆ ಕೂರಿಸಿ ತೋರಿಸಿದರೆ ವೈದ್ಯರಿಗೆ ಕಾಣುವುದು ನಿದ್ದೆಯ ಮಂಪರೋ ರೋಗದ ಮಂಪರೋ ಹೇಳುವುದು ಕಷ್ಟ.

ಇಷ್ಟನ್ನೂ ಕೂಡಿಸಿದರೆ ನಮ್ಮ ಉದಾಹರಣೆಯ ಭೇಟಿಯನ್ನು ಹೀಗೆ ಬರೆಯಬೇಕು: 'ನವೆಂಬರ್ 6, 2025, ಗುರುವಾರ. ಬಾಸ್ಟನ್ ವೇಳೆ ಬೆಳಿಗ್ಗೆ 8:00, ಅಂದರೆ ಅದೇ ಗುರುವಾರ ಮುಂಬಯಿ ವೇಳೆ ಸಂಜೆ 6:30. ಅವಧಿ 40 ನಿಮಿಷ. ಈ ಎರಡೂ ವೇಳೆ ಸರಿಯಿದೆ ಎಂದು ದಯವಿಟ್ಟು ಮರುಪತ್ರ ಬರೆಯಿರಿ.' ಇದನ್ನೇ ಇಂಗ್ಲಿಷಿನಲ್ಲಿ ಬರೆದು ವೈದ್ಯರ ಕಚೇರಿಗೆ ಕಳುಹಿಸಿ. ಕೊನೆಯ ವಾಕ್ಯವನ್ನು ಬಿಡಬೇಡಿ. ಎರಡು ವೇಳೆಗಳನ್ನು ಅಕ್ಕಪಕ್ಕ ನೋಡಿದ ಕಚೇರಿಯವರು, ಅವು ಒಂದಕ್ಕೊಂದು ಹೊಂದದಿದ್ದರೆ ತಾವೇ ತಿದ್ದುತ್ತಾರೆ.

ವೇಳೆ ಸರಿಯಾಯಿತು, ಮಾತ್ರೆ?

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಡೊಂಬಿವಲಿಯ ಅಕ್ಕ ತಮ್ಮನ ಸಂದೇಶವನ್ನು ನಂಬಿ ಕೂರದೆ ಮೂಲ ಇ-ಮೇಲನ್ನು ತರಿಸಿಕೊಂಡಳು. ಭೇಟಿಯ ದಿನಕ್ಕೆ ಲೆಕ್ಕ ಹಾಕಿದಳು. ಆರೂವರೆ ಎಂದು ತಿಳಿಯಿತು. ಆಗ ಅವಳಿಗೆ ಇನ್ನೊಂದು ಹೊಳೆಯಿತು. ಐದೂವರೆಯಾಗಿದ್ದರೆ ಅಮ್ಮ ನಾಲ್ಕರ ಮಾತ್ರೆ ತೆಗೆದುಕೊಂಡು ಒಂದೂವರೆ ಗಂಟೆಯಾಗಿರುತ್ತಿತ್ತು, ಚೆನ್ನಾಗಿ ಓಡಾಡುತ್ತಿರುತ್ತಿದ್ದರು. ಆರೂವರೆಗೆ ಎರಡೂವರೆ ಗಂಟೆಯಾಗಿರುತ್ತದೆ, ಮಾತ್ರೆಯ ಬಲ ಇಳಿಯುವ ಸಮಯ. ವೈದ್ಯರಿಗೆ ಕಾಣುವವರು ಬೇರೆಯೇ ಮನುಷ್ಯರಂತಿರುತ್ತಾರೆ.

ಅವಳು ಮಾಡಿದ್ದು ಸರಿಯಾದ ಕೆಲಸ. ಮಾತ್ರೆಯ ವೇಳೆಯನ್ನು ತಾನಾಗಿ ಹಿಂದೆಮುಂದೆ ಮಾಡಲಿಲ್ಲ. 'ಭೇಟಿಯ ಹೊತ್ತಿಗೆ ಮಾತ್ರೆ ತೆಗೆದುಕೊಂಡು ಎರಡೂವರೆ ಗಂಟೆಯಾಗಿರುತ್ತದೆ. ತಾವು ಹೀಗೆಯೇ ನೋಡಬಯಸುವಿರಾ ಅಥವಾ ಬೇರೆ ವೇಳೆ ಬೇಕೆ?' ಎಂದು ಬರೆದು ಕೇಳಿದಳು. ವೈದ್ಯರಿಂದ ಉತ್ತರ ಬಂತು: ವೇಳೆ ಬದಲಿಸುವುದು ಬೇಡ. ನಿಮ್ಮ ತಾಯಿಯ ದೂರೇ ಬಲ ಇಳಿಯುವುದರ ಬಗ್ಗೆ, ಅದು ಇಳಿಯುವಾಗಲೇ ನೋಡೋಣ. ಚೆನ್ನಾಗಿರುವ ಹೊತ್ತಿನ ನಡಿಗೆಯನ್ನು ಐದು ಗಂಟೆಗೆ ಎರಡು ನಿಮಿಷ ವಿಡಿಯೊ ತೆಗೆದು ಕಳುಹಿಸಿ.

ನೋಡಿ, ಒಂದು ಗಂಟೆಯ ವ್ಯತ್ಯಾಸ ಚಿಕಿತ್ಸೆಯ ಪ್ರಶ್ನೆಯೇ ಆಗಿಬಿಟ್ಟಿತು. ಆ ಪ್ರಶ್ನೆಯನ್ನು ತೀರ್ಮಾನಿಸಬೇಕಾದವರು ವೈದ್ಯರು, ಗಡಿಯಾರದ ಆಕಸ್ಮಿಕವಲ್ಲ.

ಮಾತ್ರೆಯ ದಿನಚರಿಯನ್ನು ಬರೆದು ಕಳುಹಿಸುವಾಗಲೂ ಎರಡು ಸಂಗತಿ ನೆನಪಿಡಿ. ದಿನಚರಿಯನ್ನು ಪೂರ್ತಿ ಮುಂಬಯಿ ವೇಳೆಯಲ್ಲೇ ಬರೆಯಿರಿ, ಮೇಲುಗಡೆ 'ಎಲ್ಲವೂ ಮುಂಬಯಿ ವೇಳೆ' ಎಂದು ನಮೂದಿಸಿ. ವೈದ್ಯರಿಗೆ ಅನುಕೂಲವಾಗಲೆಂದು ಅವರ ವೇಳೆಗೆ ತಿರುಗಿಸಲು ಹೋಗಬೇಡಿ. ರೋಗಿ ಏಳುವುದು, ಉಣ್ಣುವುದು, ಮಲಗುವುದು ನಮ್ಮ ಸೂರ್ಯನ ಪ್ರಕಾರ. ಅರ್ಧ ತಿರುಗಿಸಿ ಅರ್ಧ ಬಿಟ್ಟ ಪಟ್ಟಿಯಷ್ಟು ಅಪಾಯಕಾರಿ ಬೇರೆ ಇಲ್ಲ. ಮಾತ್ರೆಯ ಜೊತೆಗೆ ಊಟದ ವೇಳೆಯನ್ನೂ ಬರೆಯಿರಿ. ಬೇಳೆ, ಹಾಲು, ಮೊಸರಿನಂಥ ಪ್ರೋಟೀನ್ ಹೆಚ್ಚಿರುವ ಆಹಾರ ಲೆವೊಡೋಪಾ ದೇಹಕ್ಕೆ ಸೇರುವುದನ್ನು ತಡೆಯಬಹುದು, ಆದ್ದರಿಂದ ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.

ಎರಡನೆಯದು, ಮಾತುಕತೆಯ ನಡುವೆ 'ಕೊನೆಯ ಮಾತ್ರೆ ಯಾವಾಗ?' ಎಂದು ವೈದ್ಯರು ಕೇಳಿದಾಗ 'ನಾಲ್ಕಕ್ಕೆ' ಎನ್ನಬೇಡಿ. 'ಎರಡೂವರೆ ಗಂಟೆಯ ಹಿಂದೆ' ಎನ್ನಿ. ಬಾಸ್ಟನ್ನಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕುಳಿತವರಿಗೆ ನಾಲ್ಕು ಎಂಬ ಅಂಕಿ ಏನನ್ನೂ ಹೇಳುವುದಿಲ್ಲ. ಎಷ್ಟು ಹೊತ್ತಾಯಿತು ಎಂಬುದಕ್ಕೆ ಮಾತ್ರ ಯಾವ ದೇಶದ ಕಾಲಮಾನವೂ ಬೇಕಿಲ್ಲ. ಅದು ಎಲ್ಲ ಊರಿನಲ್ಲೂ ಒಂದೇ.

ಮಾತ್ರೆಯ ಪ್ರಮಾಣಕ್ಕೂ ಇಂಥದೇ ಎಚ್ಚರ ಬೇಕು. ನಮ್ಮಲ್ಲಿ '110' ಎಂಬ ಅಂಕಿಯಿರುವ ಮಾತ್ರೆಯಲ್ಲಿ 100 ಮಿಲಿಗ್ರಾಂ ಲೆವೊಡೋಪಾ, 10 ಮಿಲಿಗ್ರಾಂ ಕಾರ್ಬಿಡೋಪಾ ಇರುತ್ತದೆ. ಅಮೆರಿಕದಲ್ಲಿ ಎರಡನ್ನೂ ಬೇರೆ ಬೇರೆಯಾಗಿ, ಕಾರ್ಬಿಡೋಪಾವನ್ನು ಮೊದಲಿಟ್ಟು 25-100 ಎಂಬಂತೆ ಬರೆಯುತ್ತಾರೆ. ಆದ್ದರಿಂದ ಇಲ್ಲಿಯ ವ್ಯಾಪಾರಿ ಹೆಸರನ್ನಷ್ಟೇ ಹೇಳದೆ, ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ಎರಡೂ ಔಷಧಗಳ ಹೆಸರು, ಮಿಲಿಗ್ರಾಂ ಸಹಿತ ಬರೆದು ಕಳುಹಿಸಿ.

ಇಲ್ಲಿಯ ವೈದ್ಯರ ವೇಳೆಯೂ ಬೇಕು

ವಿಡಿಯೊದಲ್ಲಿ ತಜ್ಞರು ಬಹಳಷ್ಟನ್ನು ನೋಡಬಲ್ಲರು. ನಡುಕ, ಮುಖಭಾವ, ಹೆಬ್ಬೆರಳು ತೋರುಬೆರಳುಗಳನ್ನು ತಟ್ಟುವ ವೇಗ, ಕುರ್ಚಿಯಿಂದ ಏಳುವ ರೀತಿ, ನಡಿಗೆ, ತಿರುಗುವಾಗ ಹೆಜ್ಜೆ ತಡವರಿಸುವುದು. ಇದಕ್ಕೆ ಮೊಬೈಲನ್ನು ಕೈಯಲ್ಲಿ ಹಿಡಿಯದೆ ಎಲ್ಲಾದರೂ ಆನಿಸಿಟ್ಟು, ತಲೆಯಿಂದ ಪಾದದವರೆಗೆ ಕಾಣುವಷ್ಟು ದೂರದಲ್ಲಿ ರೋಗಿ ನಡೆಯುವಂತಿರಬೇಕು. ಮುಂಬಯಿಯ ಮನೆಯಲ್ಲಿ ಅಷ್ಟು ಜಾಗ ಎಲ್ಲಿ ಎನ್ನುವಿರಾ? ಬಾಗಿಲ ಹೊರಗಿನ ಕಾರಿಡಾರ್ ಇದ್ದೇ ಇದೆ. ಆರೂವರೆಗೆ ನವೆಂಬರಿನಲ್ಲಿ ಕತ್ತಲಾಗಿರುತ್ತದೆ, ಅಲ್ಲಿಯ ದೀಪ ಉರಿಯುತ್ತದೆಯೇ ಎಂದು ಹಿಂದಿನ ದಿನ ಅದೇ ಹೊತ್ತಿಗೆ ನೋಡಿಕೊಳ್ಳಿ. ರೋಗಿಯ ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು.

ಆದರೆ ಎರಡು ಪರೀಕ್ಷೆಗಳು ವಿಡಿಯೊದಲ್ಲಿ ಆಗುವುದಿಲ್ಲ. ಕೈಕಾಲುಗಳ ಬಿಗಿತವನ್ನು ಕೈಯಿಂದ ಮಡಿಸಿ ನೋಡಿಯೇ ತಿಳಿಯಬೇಕು. ಹಿಂದಿನಿಂದ ಭುಜ ಹಿಡಿದು ಎಳೆದಾಗ ರೋಗಿ ಸಮತೋಲ ಕಾಯ್ದುಕೊಳ್ಳುತ್ತಾರೆಯೇ ಎಂಬುದನ್ನೂ ಹಾಗೆಯೇ. ಇವನ್ನು ಮನೆಯವರು ಪ್ರಯತ್ನಿಸಬಾರದು, ಬಿದ್ದು ಸೊಂಟ ಮುರಿದುಕೊಂಡಾರು. ಇದನ್ನು ಇಲ್ಲಿಯ ವೈದ್ಯರೇ ಮಾಡಬೇಕು.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ದೇಶದಲ್ಲಿ ದೂರವೈದ್ಯಕ್ಕೆ ಮಾರ್ಗಸೂಚಿ ಹೊರಬಿದ್ದದ್ದು 2020ರ ಮಾರ್ಚ್ 25ರಂದು. ಅದು ಇಲ್ಲಿ ನೋಂದಾಯಿತರಾದ ವೈದ್ಯರಿಗಾಗಿ ಮಾಡಿದ್ದು, ಭಾರತದ ಹೊರಗಿನ ಸಮಾಲೋಚನೆ ಅದರ ವ್ಯಾಪ್ತಿಯಲ್ಲಿಲ್ಲ. ಇಲ್ಲಿ ನೋಂದಣಿಯಿಲ್ಲದ ವಿದೇಶಿ ವೈದ್ಯರು ಬರೆದ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುವಂತಿಲ್ಲ. ಅವರು ಕೊಡುವುದು ಅಭಿಪ್ರಾಯ. ಆ ಅಭಿಪ್ರಾಯವನ್ನು ಓದಿ, ಒಪ್ಪಿ, ಮಾತ್ರೆ ಬದಲಿಸುವವರು ಇಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರು. ಆದ್ದರಿಂದ ಅವರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆಯಿಂದಲೇ ವೇಳೆ ಗೊತ್ತು ಮಾಡಿ. ಅಲ್ಲಿಯ ತಜ್ಞರು ಏನು ಹೇಳಿದರೂ ಅಂದು ರಾತ್ರಿಯೇ ಮಾತ್ರೆ ಹೆಚ್ಚಿಸುವುದಾಗಲಿ, ನಿಲ್ಲಿಸುವುದಾಗಲಿ ಬೇಡ. ಲೆವೊಡೋಪಾವನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕರ.

ನಮ್ಮ ಉದಾಹರಣೆಗೆ ಮರಳಿದರೆ, ಕಟ್ಟಡದ ಕೆಳಗಿನ ಕುಟುಂಬ ವೈದ್ಯರು 'ಐದೂವರೆಗಾದರೆ ಬರುತ್ತೇನೆ' ಎಂದಿದ್ದರು, ಅವರ ದವಾಖಾನೆ ತೆರೆಯುವುದು ಆರೂವರೆಗೆ. ವೇಳೆ ಬದಲಾದದ್ದು ಮೂರು ವಾರ ಮೊದಲೇ ತಿಳಿದದ್ದರಿಂದ ಅವರು ಆ ಗುರುವಾರ ಏಳೂಕಾಲಕ್ಕೆ ತೆರೆಯುವುದಾಗಿ ಬಾಗಿಲಿಗೆ ಚೀಟಿ ಅಂಟಿಸಲು ಒಪ್ಪಿದರು. ಐದೂವರೆಗೆ ಬಂದು ಬರಿಗೈಯಲ್ಲಿ ಹೋಗಿದ್ದರೆ ಮತ್ತೊಮ್ಮೆ ಕರೆಯಲು ನಮಗೇ ಸಂಕೋಚವಾಗುತ್ತಿತ್ತು.

ಆ ದಿನ

ಭೇಟಿಗೆ ಎರಡು ದಿನ ಮೊದಲು ಇನ್ನೊಮ್ಮೆ ಎರಡೂ ವೇಳೆಗಳನ್ನು ಬರೆದು ಕಚೇರಿಗೆ ಕಳುಹಿಸಿ. ಆಗ ವಿಶ್ವ ಗಡಿಯಾರವನ್ನೂ ನೋಡಬಹುದು, ನಡುವೆ ಗಡಿಯಾರ ಸರಿಯುವ ಭಾನುವಾರ ಇಲ್ಲದಿದ್ದರೆ ಅದು ಸರಿಯಾದ ಅಂತರವನ್ನೇ ತೋರಿಸುತ್ತದೆ. ಕಚೇರಿಯ ಒಂದು ದೂರವಾಣಿ ಸಂಖ್ಯೆಯನ್ನು ದೇಶದ ಸಂಕೇತ ಸಹಿತ ತೆಗೆದಿಟ್ಟುಕೊಳ್ಳಿ. ವೈದ್ಯರು ಬರದಿದ್ದರೆ ಎಷ್ಟು ನಿಮಿಷ ಕಾಯಬೇಕು, ಆಮೇಲೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹದಿನೈದು ನಿಮಿಷ ಎಂದಿಟ್ಟುಕೊಳ್ಳಿ. ಅಷ್ಟಾದರೂ ಯಾರೂ ಬಾರದಿದ್ದರೆ, 'ಬಾಸ್ಟನ್ನಿನಲ್ಲಿ ಈಗ ಎಷ್ಟು ಗಂಟೆ?' ಎಂದು ನೋಡಿ. ಏಳೂಕಾಲು ಎಂದು ಕಂಡರೆ ನೀವು ಒಂದು ಗಂಟೆ ಮೊದಲೇ ಬಂದಿದ್ದೀರಿ. ಒಂಬತ್ತೂಕಾಲು ಎಂದು ಕಂಡರೆ ಫೋನ್ ಮಾಡಬೇಕಾದ ಹೊತ್ತು ಮೀರುತ್ತಿದೆ. ಎಂಟೂಕಾಲು ಎಂದೇ ಕಂಡರೆ ವೇಳೆ ಸರಿಯಿದೆ, ತೊಂದರೆ ಬೇರೆ ಎಲ್ಲೋ ಇದೆ.

ಕೊನೆಯಲ್ಲಿ, ಗೋಡೆಯ ಕ್ಯಾಲೆಂಡರಿನ ಪಕ್ಕ ಬರೆದಿಡಲು ನಾಲ್ಕು ಸಾಲು. ಭಾರತದ ವೇಳೆ ಬೇಕಾದರೆ ಬಾಸ್ಟನ್, ನ್ಯೂಯಾರ್ಕ್ ವೇಳೆಗೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕೂಡಿಸಿ. ಚಿಕಾಗೊ, ಡಲ್ಲಾಸ್ ವೇಳೆಗೆ ಹತ್ತೂವರೆ, ಹನ್ನೊಂದೂವರೆ. ಲಾಸ್ ಏಂಜಲಿಸ್, ಸಾನ್ ಫ್ರಾನ್ಸಿಸ್ಕೊ ವೇಳೆಗೆ ಹನ್ನೆರಡೂವರೆ, ಹದಿಮೂರೂವರೆ. ಲಂಡನ್ ವೇಳೆಗೆ ನಾಲ್ಕೂವರೆ, ಐದೂವರೆ. ಕೂಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವೇಳೆ ಗೊತ್ತು ಮಾಡಿದ ಇವತ್ತಲ್ಲ, ಭೇಟಿಯ ದಿನ ಆ ಊರಿನಲ್ಲಿ ಬೇಸಿಗೆಯ ಗಡಿಯಾರವೋ, ಚಳಿಗಾಲದ ಗಡಿಯಾರವೋ?